ಕಾಕಂಬಿ ಮಾರುವುದೋ, ಎಥೆನಾಲ್ ಮಾಡುವುದೋ: ಲೆಕ್ಕ ಎಲ್ಲಿಂದ ಆರಂಭವಾಗಬೇಕು?

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ಹಾವೇರಿಯಲ್ಲಿ ಕಬ್ಬು ಬೆಳೆಗಾರರ ಸಭೆಯೊಂದಕ್ಕೆ ಹೋಗಿದ್ದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಕಾರ್ಖಾನೆಗೆ ಪುಕ್ಕಟೆಯಾಗಿ ಸಿಗುವುದರಿಂದ ಅದರಿಂದ ಮಾಡುವ ಎಥೆನಾಲಿನ ಹಣವೆಲ್ಲ ಲಾಭವೇ ಎಂದು ರೈತರೊಬ್ಬರು ವಾದಿಸಿದರು. ಕಬ್ಬಿನ ವೆಚ್ಚದಲ್ಲಿ ಕಾಕಂಬಿಯ ಪಾಲನ್ನು ಸೇರಿಸಿದರೆ ಡಿಸ್ಟಿಲರಿ ನಷ್ಟದಲ್ಲಿದೆ ಎಂದು ಕಾರ್ಖಾನೆಯ ಕಡೆಯವರು ಉತ್ತರಿಸಿದರು. ಮೂವತ್ತು ವರ್ಷ ಕಾರ್ಖಾನೆಗಳ ವೆಚ್ಚದ ಲೆಕ್ಕ ಬರೆದ ನನಗೆ ಎರಡೂ ಮಾತು ತಪ್ಪೆಂದು ತೋರಿತು. ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನು ಎರಡೂ ಕಡೆಯವರು ಮರೆತಿದ್ದರು. ಅದನ್ನು ತಮ್ಮ ಪತ್ರಿಕೆಯ ಮೂಲಕ ವಿವರಿಸಲು ಅವಕಾಶ ಕೋರುತ್ತೇನೆ.

ಕಬ್ಬು ಅರೆದು, ರಸ ಶುದ್ಧಿ ಮಾಡಿ, ಕುದಿಸಿ, ಕೊನೆಯ ಪಾಕವನ್ನು ಸೆಂಟ್ರಿಫ್ಯೂಗಲ್ ಯಂತ್ರದಲ್ಲಿ ತಿರುಗಿಸಿದಾಗ ಸಕ್ಕರೆಯ ಹರಳು ಒಂದು ಕಡೆ, ಕಪ್ಪು ಕಾಕಂಬಿ ಇನ್ನೊಂದು ಕಡೆ ಬೇರೆಯಾಗುತ್ತವೆ. ಕಾಕಂಬಿಯ ಮಟ್ಟಿಗೆ ಇದೇ ಬೇರ್ಪಡೆಯ ಹಂತ. ಇಲ್ಲಿಯವರೆಗೆ ಆದ ಕಬ್ಬಿನ ಬೆಲೆ, ಕಟಾವು, ಸಾಗಣೆ, ಅರೆಯುವ ಖರ್ಚುಗಳೆಲ್ಲ ಎರಡೂ ಪದಾರ್ಥಗಳಿಗೆ ಒಟ್ಟಿಗೇ ಆದ ಜಂಟಿ ವೆಚ್ಚ. ಕಾಕಂಬಿಯನ್ನು ಹಾಗೆಯೇ ಮಾರಿದರೂ, ಎಥೆನಾಲ್ ಮಾಡಿ ಮಾರಿದರೂ, ಹಳ್ಳಕ್ಕೆ ಚೆಲ್ಲಿದರೂ ಆ ವೆಚ್ಚದಲ್ಲಿ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗುವುದಿಲ್ಲ. ಆದ್ದರಿಂದ ಮುಂದಿನ ನಿರ್ಧಾರದಲ್ಲಿ ಅದಕ್ಕೆ ಪಾತ್ರವೇ ಇಲ್ಲ.

ನಮ್ಮ ಬ್ಯಾಡಗಿ ಭಾಗದ ಮೆಣಸಿನಕಾಯಿ ಬೆಳೆಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಾಯಿಯನ್ನು ತೊಟ್ಟಿನ ಸಮೇತ ಮಾರುವುದೋ, ತೊಟ್ಟು ಬಿಡಿಸಿ ಮಾರುವುದೋ ಎಂಬ ಪ್ರಶ್ನೆ ಬಂದಾಗ, ತೊಟ್ಟು ಬಿಡಿಸಿದ ಕಾಯಿಗೆ ಕ್ವಿಂಟಲಿಗೆ ಎಷ್ಟು ಹೆಚ್ಚು ಸಿಗುತ್ತದೆ, ಬಿಡಿಸುವ ಹೆಣ್ಣುಮಕ್ಕಳಿಗೆ ಕೂಲಿ ಎಷ್ಟಾಗುತ್ತದೆ, ತೂಕ ಎಷ್ಟು ಇಳಿಯುತ್ತದೆ ಎಂದಷ್ಟೇ ಅವರು ನೋಡುತ್ತಾರೆ. ಬೀಜ, ಗೊಬ್ಬರ, ಉಳುಮೆಯ ಖರ್ಚನ್ನು ಆಗ ಮತ್ತೊಮ್ಮೆ ತೆಗೆದುಕೊಂಡು ಕೂಡುವವರನ್ನು ನಾನು ಕಂಡಿಲ್ಲ.

ಈಗ ಒಂದು ಕಾಲ್ಪನಿಕ ಕಾರ್ಖಾನೆಯ ಉದಾಹರಣೆ ತೆಗೆದುಕೊಳ್ಳೋಣ. ಅದು ಹಂಗಾಮಿನಲ್ಲಿ 5 ಲಕ್ಷ ಟನ್ ಕಬ್ಬು ಅರೆಯುತ್ತದೆ. ಶೇ 10ರ ಇಳುವರಿಯಂತೆ 50 ಸಾವಿರ ಟನ್ ಸಕ್ಕರೆಯೂ, ಶೇ 4.5ರಂತೆ 22,500 ಟನ್ ಕೊನೆಯ ಹಂತದ ಕಾಕಂಬಿಯೂ ಬರುತ್ತವೆ. ಎಥೆನಾಲ್ ವಲಯದಲ್ಲಿ ಇದನ್ನು ‘ಸಿ-ಹೆವಿ’ ಎನ್ನುತ್ತಾರೆ. ಹೊರಗಿನ ಖರೀದಿದಾರರು ಟನ್ನಿಗೆ 8,000 ರೂಪಾಯಿ ಕೊಡಲು ಸಿದ್ಧರಿದ್ದಾರೆ ಎಂದಿಟ್ಟುಕೊಳ್ಳೋಣ. ಒಂದು ಟನ್ ಕಾಕಂಬಿಯಿಂದ 225 ಲೀಟರ್ ಎಥೆನಾಲ್ ಸಿಕ್ಕರೆ, 2024-25ರ ಸಾಲಿಗೆ ಕೇಂದ್ರವು ಸಿ-ಹೆವಿ ಎಥೆನಾಲಿಗೆ ನಿಗದಿಪಡಿಸಿದ ಲೀಟರಿಗೆ 57.97 ರೂಪಾಯಿಯ ದರದಲ್ಲಿ ಸುಮಾರು 13,043 ರೂಪಾಯಿ ಆದಾಯವಾಗುತ್ತದೆ.

ಇದರಿಂದ ಕಳೆಯಬೇಕಾದದ್ದು ಬೇರ್ಪಡೆಯ ಹಂತದ ನಂತರ ಆಗುವ ವೆಚ್ಚವನ್ನು ಮಾತ್ರ. ಯೀಸ್ಟ್, ರಾಸಾಯನಿಕಗಳು, ಕೂಲಿ, ವಿದ್ಯುತ್ ಮತ್ತು ಸ್ಪೆಂಟ್ ವಾಶ್ ವಿಲೇವಾರಿಗೆ ಲೀಟರಿಗೆ 13 ರೂಪಾಯಿ ಎಂದು ಹಿಡಿಯೋಣ. ಸ್ಪೆಂಟ್ ವಾಶ್ ಎಂದರೆ ಎಥೆನಾಲ್ ತೆಗೆದ ಮೇಲೆ ಉಳಿಯುವ ಕಂದು ಬಣ್ಣದ ಕೊಳೆನೀರು. ಅದು ಎಥೆನಾಲಿನ ಹತ್ತು ಪಟ್ಟಿನಷ್ಟು ಬರುವುದೂ ಉಂಟು. ಅದನ್ನು ಹೊರಗೆ ಬಿಡುವಂತಿಲ್ಲವಾದ್ದರಿಂದ ಕುದಿಸಿ ಗಟ್ಟಿ ಮಾಡಿ ಸುಡಬೇಕು, ಇಲ್ಲವೇ ರಸ ಶುದ್ಧಿ ಮಾಡುವಾಗ ಉಳಿಯುವ ಗಸಿಯಾದ ಪ್ರೆಸ್‌ಮಡ್ ಜೊತೆ ಸೇರಿಸಿ ಗೊಬ್ಬರ ಮಾಡಬೇಕು. ಈ ಖರ್ಚನ್ನು ಕಡಿಮೆ ತೋರಿಸಿದ ವರದಿಯನ್ನು ನಾನು ಮೊದಲು ಅನುಮಾನಿಸುತ್ತೇನೆ.

ಇನ್ನೊಂದು ಖರ್ಚು ಬಹುತೇಕ ಪ್ರತಿ ವರದಿಯಲ್ಲೂ ತಪ್ಪಿಸಿಕೊಳ್ಳುತ್ತದೆ. ಡಿಸ್ಟಿಲರಿಗೆ ಬೇಕಾದ ಉಗಿ ಕಬ್ಬಿನ ಸಿಪ್ಪೆ ಸುಡುವ ಬಾಯ್ಲರಿನಿಂದ ಬರುತ್ತದೆ. ‘ಸಿಪ್ಪೆ ನಮ್ಮದೇ, ಅದಕ್ಕೇನು ದುಡ್ಡು’ ಎಂದು ಅದನ್ನು ಸೊನ್ನೆ ಎಂದು ಬರೆಯುವುದು ರೂಢಿ. ಆದರೆ ಆ ಸಿಪ್ಪೆಗೆ ಹೊರಗೆ ಗಿರಾಕಿ ಇದ್ದರೆ, ಸುಟ್ಟ ಪ್ರತಿ ಟನ್ನೂ ಮಾರಿ ಪಡೆಯಬಹುದಾಗಿದ್ದ ಹಣವನ್ನು ಬಿಟ್ಟುಕೊಟ್ಟಂತೆಯೇ ಸರಿ. ಲೀಟರ್ ಎಥೆನಾಲಿಗೆ ಸುಮಾರು 3 ಕಿಲೋ ಉಗಿ, ಟನ್ ಸಿಪ್ಪೆಯಿಂದ ಸುಮಾರು 2.2 ಟನ್ ಉಗಿ ಎಂದು ಹಿಡಿದರೆ ಲೀಟರಿಗೆ 1.36 ಕಿಲೋ ಸಿಪ್ಪೆ ಬೇಕು. ಸಿಪ್ಪೆಯ ಬೆಲೆ ಟನ್ನಿಗೆ 2,500 ರೂಪಾಯಿ ಇದ್ದಲ್ಲಿ ಇದೊಂದೇ 3.40 ರೂಪಾಯಿ ಆಗುತ್ತದೆ. ಸಿಪ್ಪೆಗೆ ಗಿರಾಕಿಯೇ ಇಲ್ಲದೆ ಅಂಗಳದಲ್ಲಿ ರಾಶಿ ಬೀಳುವ ಕಾರ್ಖಾನೆಯಲ್ಲಿ ಮಾತ್ರ ಸೊನ್ನೆ ಬರೆಯುವುದು ಸರಿ.

ಹೀಗೆ ಲೀಟರಿಗೆ 16.40 ರೂಪಾಯಿಯಂತೆ ಟನ್ ಕಾಕಂಬಿಗೆ 3,690 ರೂಪಾಯಿ ಹೆಚ್ಚುವರಿ ವೆಚ್ಚ ತಗಲುತ್ತದೆ. 13,043ರಲ್ಲಿ ಅದನ್ನು ಕಳೆದರೆ ಉಳಿಯುವುದು 9,353 ರೂಪಾಯಿ. ನಿರ್ಧಾರದ ಗೆರೆ ಇದೇ. ಹೊರಗೆ 8,000 ರೂಪಾಯಿ ಸಿಗುವಾಗ ಎಥೆನಾಲ್ ಮಾಡಿದರೆ ಟನ್ನಿಗೆ 1,353 ರೂಪಾಯಿ, ಇಡೀ ಹಂಗಾಮಿಗೆ ಸುಮಾರು 3.04 ಕೋಟಿ ರೂಪಾಯಿ ಹೆಚ್ಚು ದೊರೆಯುತ್ತದೆ. ಕಾಕಂಬಿಯ ದರ 9,500ಕ್ಕೆ ಏರಿದ ದಿನ, ಡಿಸ್ಟಿಲರಿ ಚಾಲು ಇದ್ದರೂ, ಕಾಕಂಬಿಯನ್ನು ಮಾರುವುದೇ ಜಾಣತನ. ಕಾಕಂಬಿ ಪುಕ್ಕಟೆ ಎಂಬ ವಾದ ಬೀಳುವುದು ಇಲ್ಲಿ: ಅದನ್ನು ಬಳಸಿಕೊಂಡಾಗ ಬಿಟ್ಟುಕೊಟ್ಟ 8,000 ರೂಪಾಯಿಯೇ ಅದರ ನಿಜವಾದ ಬೆಲೆ.

ಇನ್ನು ‘ನಷ್ಟ’ದ ವಾದ. ಈ ಕಾರ್ಖಾನೆಯ ಜಂಟಿ ವೆಚ್ಚ 200 ಕೋಟಿ ರೂಪಾಯಿ ಎಂದಿರಲಿ. ಅದನ್ನು ತೂಕದ ಪ್ರಕಾರ ಹಂಚಿದರೆ ಕಾಕಂಬಿಯ ಪಾಲಿಗೆ ಶೇ 31, ಅಂದರೆ ಟನ್ನಿಗೆ ಸುಮಾರು 27,586 ರೂಪಾಯಿ ಬೀಳುತ್ತದೆ. 13,043 ರೂಪಾಯಿ ತರುವ ಎಥೆನಾಲಿಗೆ ಇಷ್ಟು ಹೊರಿಸಿದರೆ ಡಿಸ್ಟಿಲರಿ ಮುಚ್ಚಲೇಬೇಕು ಎಂದು ಕಾಣುತ್ತದೆ. ಅದೇ ವೆಚ್ಚವನ್ನು ಬೇರ್ಪಡೆಯ ಹಂತದ ಮಾರಾಟ ಮೌಲ್ಯದ ಪ್ರಕಾರ, ಸಕ್ಕರೆಗೆ ಕಿಲೋಗೆ 38 ರೂಪಾಯಿ ಹಿಡಿದು ಹಂಚಿದರೆ ಕಾಕಂಬಿಗೆ ಬರುವುದು ಟನ್ನಿಗೆ ಸುಮಾರು 7,692 ರೂಪಾಯಿ ಮಾತ್ರ. ಕಾರ್ಖಾನೆ ಅದೇ, ಕಾಕಂಬಿ ಅದೇ, ಎಥೆನಾಲ್ ಅದೇ. ಹಂಚುವ ವಿಧಾನ ಬದಲಾದ ಮಾತ್ರಕ್ಕೆ ನಷ್ಟ ಲಾಭವಾಗಿಬಿಡುತ್ತದೆ. ದಾಸ್ತಾನಿಗೆ ಬೆಲೆ ಕಟ್ಟಲು ಇಂಥ ಹಂಚಿಕೆ ಬೇಕೇ ಬೇಕು. ಆದರೆ ಮೊದಲನೆಯ ಅಂಕಿಯನ್ನು ನಂಬಿ ಡಿಸ್ಟಿಲರಿ ನಿಲ್ಲಿಸಿದರೆ ಕಾರ್ಖಾನೆ ತನ್ನ 3.04 ಕೋಟಿ ರೂಪಾಯಿಯನ್ನು ಕಳೆದುಕೊಳ್ಳುತ್ತದೆ, ಕಬ್ಬಿಗೆ ಕೊಡಬೇಕಾದ ಹಣದಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ.

ಈ ಲೆಕ್ಕಕ್ಕೆ ಮಿತಿಯೂ ಇದೆ. ಮೇಲಿನ ಉಳಿತಾಯ ಡಿಸ್ಟಿಲರಿ ಈಗಾಗಲೇ ಇರುವ ಕಾರ್ಖಾನೆಗೆ ಮಾತ್ರ ಅನ್ವಯಿಸುತ್ತದೆ. ಹೊಸದಾಗಿ ಕಟ್ಟಬೇಕೆಂದಾಗ ಬಂಡವಾಳವೂ ಮುಂದೆ ಆಗುವ ವೆಚ್ಚವೇ. 60 ಕೋಟಿ ರೂಪಾಯಿ ಸಾಲಕ್ಕೆ ಶೇ 10ರಂತೆ ಬಡ್ಡಿಯೇ ವರ್ಷಕ್ಕೆ 6 ಕೋಟಿ. ದಿನಕ್ಕೆ 60 ಸಾವಿರ ಲೀಟರ್ ಸಾಮರ್ಥ್ಯದ ಘಟಕಕ್ಕೆ ಈ ಕಾಕಂಬಿ ಸಾಲುವುದು ಸುಮಾರು 84 ದಿನಕ್ಕೆ. ಉಳಿದ ದಿನ ಘಟಕ ಖಾಲಿ ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಕಟ್ಟಿಯಾದ ಡಿಸ್ಟಿಲರಿಯನ್ನು ನಡೆಸುವುದು ಸರಿ, ಅದೇ ಡಿಸ್ಟಿಲರಿಯನ್ನು ಇಷ್ಟೇ ಕಾಕಂಬಿ ನಂಬಿ ಕಟ್ಟುವುದು ತಪ್ಪು ಎಂಬ ಎರಡು ಉತ್ತರಗಳು ಹೀಗೆ ಒಟ್ಟಿಗೇ ನಿಜವಾಗುತ್ತವೆ. ಸಭೆಗಳಲ್ಲಿ ಹೆಚ್ಚಿನ ಗಲಾಟೆ ಆಗುವುದೂ ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದಲೇ.

ಕಾಕಂಬಿಯ ಗುಣಮಟ್ಟವೂ ಗೆರೆಯನ್ನು ಸರಿಸುತ್ತದೆ. ಬೇಸಿಗೆಯಲ್ಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಕಾಕಂಬಿ ಬಿಸಿಯಾಗಿ ಹುದುಗುವ ಸಕ್ಕರೆಯನ್ನು ಕಳೆದುಕೊಳ್ಳುತ್ತದೆ. ಟನ್ನಿಗೆ 225ರ ಬದಲು 205 ಲೀಟರ್ ಮಾತ್ರ ಬಂದರೆ, ವೆಚ್ಚವನ್ನು ಲೀಟರಿಗೆ ಹಿಡಿದರೂ ಮೇಲಿನ 9,353 ರೂಪಾಯಿಯ ಗೆರೆ ಸುಮಾರು 8,522ಕ್ಕೆ ಇಳಿಯುತ್ತದೆ. ತೂಕ ನೋಡಿ ನಿರ್ಧರಿಸಿದವರಿಗೆ ಇದು ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ಒಟ್ಟು ಸಕ್ಕರೆಯ ಅಂಶ ಅಳೆದವರಿಗೆ ಕಾಣುತ್ತದೆ.

‘ಬಿ-ಹೆವಿ’ ಕಾಕಂಬಿಯ ವಿಷಯ ಸ್ವಲ್ಪ ಬೇರೆ. ಅಲ್ಲಿ ಕೊನೆಯ ಪಾಕದ ಮೊದಲೇ ಬೇರ್ಪಡಿಸುವುದರಿಂದ ಒಂದಿಷ್ಟು ಸಕ್ಕರೆಯನ್ನೇ ಬಿಟ್ಟುಕೊಡಬೇಕಾಗುತ್ತದೆ, ಟನ್ ಕಬ್ಬಿಗೆ 15 ಕಿಲೋ ಆಸುಪಾಸು. ಆದ್ದರಿಂದ ಆ ಎಥೆನಾಲಿಗೆ 2024-25ರಲ್ಲಿ ಇದ್ದ ಲೀಟರಿಗೆ 60.73 ರೂಪಾಯಿಯನ್ನು ಸಿ-ಹೆವಿ ದರಕ್ಕೆ ಹೋಲಿಸಿ ಹೆಚ್ಚೆಂದು ಹಿಗ್ಗುವಂತಿಲ್ಲ. ಕೈಬಿಟ್ಟ ಸಕ್ಕರೆಯನ್ನು ಅಂದಿನ ಮಾರುಕಟ್ಟೆ ದರದಲ್ಲಿ ಲೆಕ್ಕಕ್ಕೆ ತರಬೇಕು. 2019ರಲ್ಲಿ ನಿಗದಿಯಾದ, ಕಿಲೋ ಸಕ್ಕರೆಗೆ 31 ರೂಪಾಯಿಯ ಕನಿಷ್ಠ ಮಾರಾಟ ದರವನ್ನು ಹಿಡಿದವರಿಗೆ ಎಥೆನಾಲ್ ಸದಾ ಲಾಭವೆಂದೇ ಕಾಣುತ್ತದೆ. ಮೇಲಾಗಿ, 2023ರ ಡಿಸೆಂಬರ್‌ನಲ್ಲಿ ಕೇಂದ್ರವು ಕಬ್ಬಿನ ರಸ ಮತ್ತು ಬಿ-ಹೆವಿ ಕಾಕಂಬಿಯ ಬಳಕೆಗೆ ಹಂಗಾಮಿನ ನಡುವೆಯೇ ಮಿತಿ ಹಾಕಿದ್ದನ್ನು ಕಾರ್ಖಾನೆಗಳು ಮರೆತಿರಲಾರವು.

ರೈತರಿಗೆ ಇದರಲ್ಲಿ ಏನು ಸಂಬಂಧ ಎಂದು ಕೇಳಬಹುದು. 2012ರ ರಂಗರಾಜನ್ ಸಮಿತಿಯು ಸಕ್ಕರೆ ಮತ್ತು ಮೊದಲ ಹಂತದ ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70ನ್ನು ಬೆಳೆಗಾರರಿಗೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಮೊದಲ ಹಂತದ ಉಪ ಉತ್ಪನ್ನವೆಂದರೆ ಕಾಕಂಬಿ, ಸಿಪ್ಪೆ ಮತ್ತು ಪ್ರೆಸ್‌ಮಡ್, ಎಥೆನಾಲ್ ಅಲ್ಲ. ಇಂಥ ಯಾವುದೇ ಹಂಚಿಕೆಯಲ್ಲಿ ಕಾರ್ಖಾನೆ ತನ್ನದೇ ಡಿಸ್ಟಿಲರಿಗೆ ಕಾಕಂಬಿಯನ್ನು ಯಾವ ದರಕ್ಕೆ ವರ್ಗಾಯಿಸಿದೆ ಎಂಬುದೇ ನಿರ್ಣಾಯಕವಾಗುತ್ತದೆ. ಹೊರಗೆ 8,000 ಇರುವಾಗ ಪುಸ್ತಕದಲ್ಲಿ 6,000 ಬರೆದರೆ, ನಮ್ಮ ಉದಾಹರಣೆಯಲ್ಲಿ ಹಂಚಬೇಕಾದ ಆದಾಯದಿಂದ 4.5 ಕೋಟಿ ರೂಪಾಯಿ ಡಿಸ್ಟಿಲರಿಯ ಕಡೆಗೆ ಸದ್ದಿಲ್ಲದೆ ಜಾರುತ್ತದೆ, ಅದರ ಶೇ 70 ಎಂದರೆ 3.15 ಕೋಟಿ.

ಆದ್ದರಿಂದ ಬೆಳೆಗಾರರ ಸಂಘಟನೆಗಳು ಮುಂದಿನ ಸಭೆಯಲ್ಲಿ ಎಥೆನಾಲಿನ ಒಟ್ಟು ಆದಾಯವನ್ನು ಕೇಳುವುದಕ್ಕಿಂತ ಕಾಕಂಬಿಯ ವರ್ಗಾವಣೆ ದರವನ್ನೂ, ಅದೇ ತಿಂಗಳು ಹೊರಗೆ ಮಾರಿದ ಕಾಕಂಬಿಯ ದರವನ್ನೂ ಲಿಖಿತವಾಗಿ ಕೇಳಲಿ. ಕಾರ್ಖಾನೆಗಳೂ ಇವೆರಡನ್ನು ತಿಂಗಳಿಗೊಮ್ಮೆ ತಮ್ಮ ಗೇಟಿನ ಫಲಕದ ಮೇಲೆ ಬರೆಯಬಹುದು.

ಇಂತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ವೆಚ್ಚ ಲೆಕ್ಕಿಗ,
ಹಾವೇರಿ