ಗೃಹವಿಜ್ಞಾನ ತರಗತಿಯಲ್ಲಿ ಎಣ್ಣೆ ಕಾಯಿಸಿದ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮ್ಮ ಗೃಹವಿಜ್ಞಾನ ಶಿಕ್ಷಕಿಯವರು ಕಳೆದ ವಾರ 8ನೇ ತರಗತಿಯ ಮಕ್ಕಳಿಗೆ ಕುದಿಸುವುದು, ಹಬೆಯಲ್ಲಿ ಬೇಯಿಸುವುದು ಮತ್ತು ಕರಿಯುವುದರ ವ್ಯತ್ಯಾಸವನ್ನು ತೋರಿಸಿಕೊಟ್ಟ ಮೇಲೆ, ಮಕ್ಕಳ ಮುಂದೆ ಎಣ್ಣೆ ಕಾಯಿಸುವ ಅಗತ್ಯವಿತ್ತೇ ಎಂದು ತಮ್ಮಲ್ಲಿ ಕೆಲವರು ಕೇಳಿದ್ದೀರಿ. ಈ ಆತಂಕ ಸಹಜವಾದುದು. ಒಲೆ ಹಚ್ಚಿದವರೂ ಬಾಣಲೆ ಮುಟ್ಟಿದವರೂ ಶಿಕ್ಷಕಿಯೊಬ್ಬರೇ. ಮಕ್ಕಳು ದೂರದ ಬೆಂಚುಗಳಲ್ಲಿ ಕುಳಿತು ನೋಡಿದರು.

ಉರಿ ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಮಿಕ್ಕ ಶಾಖ ಹಬೆಯಾಗಿ ಹೋಗುತ್ತದೆ. ಇಡ್ಲಿ ಪಾತ್ರೆಯ ಹಬೆಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಆದರೆ ಅದು ಹಿಟ್ಟಿಗೆ ತಾಗಿ ನೀರಾಗುವಾಗ ತನ್ನೊಳಗಿನ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಇಡ್ಲಿ ಬೇಯುವುದು ಹೀಗೆ, ಕೈ ಸುಡುವುದೂ ಹೀಗೆಯೇ. ಆದ್ದರಿಂದ ಮುಚ್ಚಳದ ಆಚೆಯ ಅಂಚನ್ನು ಮೊದಲು ಎತ್ತಿ, ಹಬೆ ಮುಖದಿಂದ ದೂರ ಹೋಗುವಂತೆ ತೆರೆಯುವುದನ್ನು ಶಿಕ್ಷಕಿಯವರು ತೋರಿಸಿದರು.

ಇನ್ನು ಎಣ್ಣೆಯ ವಿಷಯ. ಕರಿಯಲು ಬೇಕಾದ 180 ಡಿಗ್ರಿಯಷ್ಟು ಕಾದರೂ ಎಣ್ಣೆ ಕುದಿಯುವುದಿಲ್ಲ, ಸದ್ದಿಲ್ಲದೆ ನಿಂತಿರುತ್ತದೆ. ನೀರಿನ ಗುಳ್ಳೆ ನೋಡಿ ಬಿಸಿಯನ್ನು ಅಳೆಯುವ ಮಗು ಇಲ್ಲಿ ಮೋಸಹೋಗುತ್ತದೆ. ಒಂದು ಚೂರು ಹಿಟ್ಟು ಬಿಟ್ಟಾಗ ಅದರ ಸುತ್ತ ಗುಳ್ಳೆಗಳು ಎದ್ದವಲ್ಲ, ಅವು ಎಣ್ಣೆಯವಲ್ಲ, ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬಂದದ್ದು. ಒದ್ದೆ ಆಲೂಗಡ್ಡೆ ಹಾಕಿದರೆ ಎಣ್ಣೆ ಸಿಡಿಯುವುದಕ್ಕೂ ಇದೇ ಕಾರಣ. ಎಣ್ಣೆಯಿಂದ ಹೊಗೆ ಏಳತೊಡಗಿದರೆ ಅದು ಅತಿಯಾಗಿ ಕಾದಿದೆ, ಒಲೆ ಆರಿಸಬೇಕು. ಹಾಗೂ ಬೆಂಕಿ ಹತ್ತಿಕೊಂಡರೆ ನೀರು ಸುರಿಯಲೇಬಾರದು: ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು, ಅಲ್ಲಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಕೈಗೆಟುಕಿದರೆ ಒಲೆ ಆರಿಸಿ, ಬಾಣಲೆಯ ಮೇಲೆ ಲೋಹದ ಮುಚ್ಚಳ ಸರಿಸಿ, ತಣಿಯುವವರೆಗೆ ತೆರೆಯದೆ ಬಿಡಬೇಕು. ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡಬಾರದು. ಇದನ್ನು ಬಾಯಿಮಾತಿನಲ್ಲಿ ವಿವರಿಸಿದರೇ ಹೊರತು ಶಾಲೆಯಲ್ಲಿ ಎಣ್ಣೆಗೆ ಬೆಂಕಿ ಹಚ್ಚಲಿಲ್ಲ.

ಮನೆಗೆ ಹೋಗಿ ಪೂರಿ ಕರಿಯಿರಿ ಎಂದು ಯಾರೂ ಮಕ್ಕಳಿಗೆ ಹೇಳಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಹಾಗೆ ಹೇಳಿಲ್ಲ. ಆದರೆ ತಾವು ಕೆಲಸದಿಂದ ಬರುವ ಮೊದಲೇ ಮನೆ ತಲುಪಿ ಒಲೆ ಹಚ್ಚುವ ಮಕ್ಕಳು ನಮ್ಮಲ್ಲಿದ್ದಾರೆ. ಬೆಂಕಿ ಕಂಡೊಡನೆ ಯಾರಿಗಾದರೂ ಮೊದಲು ನೆನಪಾಗುವುದು ನೀರು. ಅದಕ್ಕಾಗಿಯೇ ಈ ಪಾಠವನ್ನು ಕೈಬಿಡಲು ನಾನು ಒಪ್ಪಲಾರೆ, ತಮ್ಮ ಮನಸ್ಸಿಗೆ ನೋವಾಗಿದ್ದರೆ ವಿಷಾದವಿದೆ. ಮುಂದಿನ ಬಾರಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ತಮಗೂ ಸ್ವಾಗತ.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ತುಪ್ಪ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕೆಂದೂ ತಿಳಿಸಲಾಗಿದೆ. ಅಜ್ಜಿಯರ ಅಭಿಪ್ರಾಯ ಬೇರೆಯಿದ್ದರೆ ದಯವಿಟ್ಟು ಶಿಕ್ಷಕಿಯವರೊಡನೆ ಮಾತನಾಡಿ.

ದೊಡ್ಡವರು ಪಕ್ಕದಲ್ಲಿಲ್ಲದಾಗ ಮಕ್ಕಳು ಎಣ್ಣೆ ಕಾಯಿಸದಂತೆ ನೋಡಿಕೊಳ್ಳಿ, ಬಾಣಲೆಗೆ ಹೊಂದುವ ಮುಚ್ಚಳವೊಂದನ್ನು ಒಲೆಯ ಬಳಿ ಇಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು