ಸಲಾಮ್, ಶರಣು, ಜೈ ಜಿನೇಂದ್ರ: ಹೋಮ್‌ಸ್ಟೇ ತೆರೆದ ಗೆಳೆಯನಿಗೊಂದು ಪತ್ರ

ಗೆಳೆಯಾ,

ಮಡಿಕೇರಿಯಲ್ಲಿ ಮಳೆ ನಿಂತ ಕೂಡಲೇ ನಿನ್ನ ಹೋಮ್‌ಸ್ಟೇಗೆ ಬುಕಿಂಗ್ ಬರಲು ಶುರುವಾಗಿದೆ ಅಂತ ಓದಿ ತುಂಬಾ ಖುಷಿಯಾಯಿತು. ನೀನು ಕೇಳಿದ್ದಕ್ಕೆ ಫೋನಿನಲ್ಲಿ ಗಡಿಬಿಡಿಯಲ್ಲಿ ಉತ್ತರ ಹೇಳಲು ಮನಸ್ಸಾಗಲಿಲ್ಲ. ಜನ ರೂಮ್ ಕೇಳುವ ಮೊದಲೇ "ಅಸ್ಸಲಾಮು ಅಲೈಕುಮ್", "ಜೈ ಜಿನೇಂದ್ರ", "ಶರಣು ಶರಣಾರ್ಥಿ", "ಪ್ರೈಸ್ ದ ಲಾರ್ಡ್" ಅಂತ ಬರೆಯುತ್ತಾರೆ, ಅದಕ್ಕೆ ಏನಂತ ಬರೆಯಲಿ ಅಂತ ಕೇಳಿದ್ದೀಯ. ದುಬೈನ ಹೋಟೆಲ್ ರಿಸೆಪ್ಶನ್‌ನಲ್ಲಿ ಕೂತವನಿಗೆ ಇದು ದಿನದ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಸಲಾಮ್ ವಿಷಯ. "ಅಸ್ಸಲಾಮು ಅಲೈಕುಮ್" ಅಂದವರಿಗೆ ನೇರವಾಗಿ "ರೂಮ್ 3,000 ರೂಪಾಯಿ" ಅಂತ ಬರೆದರೆ ಅವರಿಗೆ ಏನೋ ಬಿಟ್ಟುಹೋದ ಹಾಗೆ ಅನಿಸುತ್ತದೆ. ಯಾರಾದರೂ ಶುಭ ಕೋರಿದರೆ ಅದಕ್ಕಿಂತ ಚೆನ್ನಾಗಿ, ಇಲ್ಲವೇ ಅಷ್ಟೇ ಆದರೂ ತಿರುಗಿ ಕೋರಿ ಅಂತ ಕುರ್‌ಆನಿನ ನಾಲ್ಕನೇ ಅಧ್ಯಾಯದ 86ನೇ ವಾಕ್ಯದಲ್ಲಿದೆ. ಹಾಗೆ ಬೆಳೆದವರಿಗೆ ಸಲಾಮಿಗೆ ಉತ್ತರ ಬರುವುದು ಮಾತಿನ ಅರ್ಧ ಭಾಗ. "ವ ಅಲೈಕುಮ್ ಅಸ್ಸಲಾಮ್" ಅಂತ ಬರೆ. ನಿನ್ನ ಬಾಯಿಗೆ ಅದು ಹೊಸದು ಅನಿಸಿದರೆ "ನಮಸ್ಕಾರ, ನಿಮಗೂ ಒಳ್ಳೆಯದಾಗಲಿ" ಅಂತ ಬರೆದರೂ ಚೆನ್ನಾಗಿಯೇ ಇರುತ್ತದೆ. ಕೋರಿದ್ದು ತಲುಪಿತು ಅಂತ ಅವರಿಗೆ ಗೊತ್ತಾದರೆ ಸಾಕು. ಕೆಲವರು ಬರೀ "AOA" ಅಂತ, ಜೈ ಜಿನೇಂದ್ರ ಅನ್ನುವವರು "JJ" ಅಂತ ಕಳಿಸುತ್ತಾರೆ. ನೀನು ಮಾತ್ರ ಪೂರ್ತಿ ಬರೆ.

ಆದರೆ ಇಲ್ಲಿಂದ ಮುಂದಕ್ಕೆ ಜಿಗಿಯಬೇಡ. ಸಲಾಮ್ ಹೇಳಿದವರೆಲ್ಲ ಮುಸ್ಲಿಮರೇ ಆಗಿರಬೇಕಿಲ್ಲ. ನನ್ನ ಪಕ್ಕದ ಕೌಂಟರಿನಲ್ಲಿ ಲೆಬನಾನಿನ ಹುಡುಗನೊಬ್ಬನಿದ್ದಾನೆ. ಮಾತಿಗೊಮ್ಮೆ "ಇನ್ಶಾ ಅಲ್ಲಾ", "ಅಲ್‌ಹಮ್ದುಲಿಲ್ಲಾ" ಅನ್ನುತ್ತಾನೆ, ಭಾನುವಾರ ಚರ್ಚಿಗೆ ಹೋಗುತ್ತಾನೆ. ಅರಬ್ ಕ್ರೈಸ್ತರು ಪ್ರಾರ್ಥನೆಯಲ್ಲೂ ದೇವರಿಗೆ ಅಲ್ಲಾ ಅಂತಲೇ ಹೇಳುವುದು. ಇಲ್ಲಿ ಕೆಲಸ ಮಾಡಿ ಊರಿಗೆ ಮರಳಿದ ನಮ್ಮ ಮಂಗಳೂರು, ಉಡುಪಿ ಕಡೆಯ ಹಿಂದೂಗಳ ಬಾಯಲ್ಲೂ ಸಲಾಮ್ ಸಲೀಸಾಗಿ ಬರುತ್ತದೆ. ಕಲಬುರಗಿ, ಬೀದರ್ ಕಡೆ "ಶರಣ್ರಿ" ಅನ್ನಲು ಲಿಂಗಾಯತರೇ ಆಗಬೇಕಾ? ಅಲ್ಲಿಯ ಅಂಗಡಿ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. "ಜೈ ಭೀಮ್" ಅಂದವರು ಬೌದ್ಧರಿರಬಹುದು, ಹಿಂದೂ ಇರಬಹುದು, ಕ್ರೈಸ್ತರಿರಬಹುದು, ದೇವರನ್ನೇ ನಂಬದವರೂ ಇರಬಹುದು. ಅವರಿಗೆ "ಜೈ ಭೀಮ್" ಅಂತಲೇ ಉತ್ತರ ಕೊಡು. ನೀನಾಗಿ "ನಮೋ ಬುದ್ಧಾಯ" ಸೇರಿಸಿದರೆ ಅವರು ಹೇಳದ ಧರ್ಮವನ್ನು ನೀನೇ ಅವರ ಮೇಲೆ ಹಾಕಿದ ಹಾಗಾಗುತ್ತದೆ. ಮೇಲಾಗಿ ಅಮ್ಮನ ಫೋನಿನಿಂದ ಮಗ, ಗೆಳೆಯನ ಫೋನಿನಿಂದ ಗೆಳೆಯ ಬರೆಯುವುದು ಎಷ್ಟು ಸಾಮಾನ್ಯ ಅಂತ ನಿನಗೇ ಗೊತ್ತು.

ಹೋಮ್‌ಸ್ಟೇಯಲ್ಲಿ ಈ ಊಹೆ ಎಡವುವುದು ಊಟದ ವಿಷಯದಲ್ಲಿ. ನೀನು ಕಳಿಸಿದ ಸ್ಕ್ರೀನ್‌ಶಾಟ್ ಅನ್ನೇ ತೆಗೆದುಕೊಳ್ಳೋಣ. "ಅಸ್ಸಲಾಮು ಅಲೈಕುಮ್, ಶನಿವಾರ 2 ರೂಮ್ ಬೇಕು, 4 ದೊಡ್ಡವರು, 2 ಮಕ್ಕಳು, ಊಟ ಸಿಗುತ್ತಾ?" ಅಂತ ಅವರು ಕೇಳಿದ್ದಾರೆ. ನಿನ್ನ ಹುಡುಗ ಬರೆದಿಟ್ಟ ಉತ್ತರ: "ಹಲೋ ಸಾರ್, ಹಲಾಲ್ ಚಿಕನ್ ಬಿರಿಯಾನಿ ಮಾಡಿಸಿಕೊಡ್ತೀವಿ." ಅವನ ಮನಸ್ಸು ಒಳ್ಳೆಯದೇ. ಆದರೆ ಸಲಾಮಿಗೆ ಉತ್ತರ ಇಲ್ಲ, ಕೇಳದ ಬಿರಿಯಾನಿ ಬಂತು, ಕೇಳಿದ ರೂಮ್ ವಿಷಯವೇ ಇಲ್ಲ. ಬರೆದವರು ಗಂಡಸೋ ಹೆಂಗಸೋ ಗೊತ್ತಿಲ್ಲ, ಆದರೂ ಸಾರ್. ಅವರು ಮಾಂಸ ತಿನ್ನದವರಾದರೆ? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ವ ಅಲೈಕುಮ್ ಅಸ್ಸಲಾಮ್. ಶನಿವಾರ ಎರಡೂ ರೂಮ್ ಖಾಲಿ ಇವೆ. ಊಟ ಮನೆಯಲ್ಲೇ ಮಾಡುತ್ತೇವೆ: ಅಕ್ಕಿ ರೊಟ್ಟಿ, ಕಡುಂಬುಟ್ಟು, ತರಕಾರಿ ಪಲ್ಯ, ಕೋಳಿ ಸಾರು, ಹಂದಿ ಮಾಂಸದ ಪಂದಿ ಕರಿ. ನೀವು ತಿನ್ನದ ಪದಾರ್ಥ ಏನಾದರೂ ಇದ್ದರೆ ಅದನ್ನೂ, ಊಟ ಯಾವ ಹೊತ್ತಿಗೆ ಬೇಕು ಅನ್ನುವುದನ್ನೂ ತಿಳಿಸಿ."

ಕೊನೆಯ ಸಾಲನ್ನು ಗಮನಿಸು. ಅದನ್ನು ಯಾರ ಬಗ್ಗೆಯೂ ಊಹಿಸದೆ ಎಲ್ಲರಿಗೂ ಕಳಿಸಬಹುದು. ಜೈನರಲ್ಲಿ ಹಲವರು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಟ್ಟುವುದಿಲ್ಲ, ಕೆಲವರು ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುತ್ತಾರೆ. ಆದರೆ "ಜೈ ಜಿನೇಂದ್ರ" ಅಂದವರೆಲ್ಲ ಹಾಗೇ ಇರುತ್ತಾರೆ ಅಂತ ಹೇಳಲಾಗದು. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರಿಗೆ ಬೆಳಕು ಹರಿಯುವ ಮುಂಚೆ ಸಹರಿ ಊಟ ಬೇಕಾಗಬಹುದು. ಏಕಾದಶಿ ಮಾಡುವವರು ಅವತ್ತು ಅನ್ನ ಬೇಡ ಅನ್ನಬಹುದು. ಕಡಲೆಕಾಯಿ ಆಗದ ಮಗು ಇರಬಹುದು. "ತಿನ್ನದ್ದು ಏನು, ಯಾವ ಹೊತ್ತಿಗೆ" ಅಂತ ಕೇಳಿದರೆ ಇಷ್ಟೂ ಗೊತ್ತಾಗುತ್ತದೆ. ಅವರ ಧರ್ಮ ಯಾವುದು ಅಂತ ನೀನು ಯೋಚಿಸುವ ಕೆಲಸವೇ ಇಲ್ಲ. ಯಾರಾದರೂ ಹಲಾಲ್ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು: ಕೋಳಿ ಯಾವ ಅಂಗಡಿಯದು, ಪಂದಿ ಕರಿ ಅದೇ ಅಡುಗೆಮನೆಯಲ್ಲಿ ಆಗುತ್ತದಾ, ಪಾತ್ರೆ ಬೇರೆ ಇದೆಯಾ. "ಎಲ್ಲಾ ವ್ಯವಸ್ಥೆ ಇದೆ ಸಾರ್" ಅಂದುಬಿಟ್ಟರೆ ಅದು ಮೋಸವಾಗುತ್ತದೆ.

ಇನ್ನು "ಪ್ರೈಸ್ ದ ಲಾರ್ಡ್", "ಜೈ ಶ್ರೀರಾಮ್", "ಸ್ವಾಮಿಯೇ ಶರಣಂ ಅಯ್ಯಪ್ಪ". ಸಲಾಮ್ ನಿನಗೆ ಕೋರಿದ್ದು. ಇವು ಅವರು ತಮ್ಮ ದೇವರನ್ನು ನೆನೆದದ್ದು. ನಿನಗೂ ಹಾಗೆ ಅನಿಸಿದರೆ ಅದನ್ನೇ ತಿರುಗಿ ಬರೆ, ಇಲ್ಲದಿದ್ದರೆ ಸುಮ್ನೆ ಒಪ್ಪಿಸಬೇಡ. "ನಮಸ್ಕಾರ, ಸಂದೇಶ ನೋಡಿ ಸಂತೋಷವಾಯಿತು" ಅಂತ ಶುರು ಮಾಡಿದರೆ ಯಾರಿಗೂ ನೋವಾಗದು. ಒಬ್ಬರ ಘೋಷಣೆಗೆ ಇನ್ನೊಂದು ಧರ್ಮದ ಘೋಷಣೆಯನ್ನು ಉತ್ತರವಾಗಿ ಹಾಕುವುದನ್ನು ಮಾತ್ರ ಯಾವತ್ತೂ ಮಾಡಬೇಡ. ಅದು ಜಗಳಕ್ಕೆ ಕರೆದ ಹಾಗೆ ಕಾಣುತ್ತದೆ.

ಹಿರಿಯರು "ದೇವರು ನಿನಗೆ ಒಳ್ಳೇದು ಮಾಡಲಿ ಮಗಾ" ಅಂತ ಬರೆದರೆ "ನಿಮ್ಮ ಆಶೀರ್ವಾದ ಇರಲಿ" ಅನ್ನು. ಅವರ ದೇವರು ಯಾರು, ನಿನ್ನ ದೇವರು ಯಾರು, ಇಬ್ಬರಿಗೂ ಹೇಳಬೇಕಾಗಿಲ್ಲ. ನಂಬಿಕೆ ಇಲ್ಲದ ನಮ್ಮ ಗೆಳೆಯರೂ ಅಜ್ಜಿಗೆ ಹೀಗೇ ಹೇಳುತ್ತಾರೆ, ಅಲ್ವಾ? ಪರಿಚಯವೇ ಇಲ್ಲದವರು ದಿನಾ ದೇವರ ಚಿತ್ರ ಕಳಿಸಿದರೆ ಒಂದು ನಮಸ್ಕಾರ ಸಾಕು. ರೂಮ್ ಮಾತು ಬಿಟ್ಟು ಪ್ರವಚನದ ಲಿಂಕ್, ಪಾರ್ಟಿ ವಿಡಿಯೋ ಬರತೊಡಗಿದರೆ "ಇದು ಬುಕಿಂಗ್ ನಂಬರ್, ದಯವಿಟ್ಟು ಇಲ್ಲಿ ಬೇಡ" ಅಂತ ಒಮ್ಮೆ ಹೇಳಿಬಿಡು.

ಇನ್ನೊಂದು. ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿ ಹೋಗುವ ಸ್ವಾಗತದ ಸಂದೇಶ ಇದೆಯಲ್ಲ, ಅದು ಹೊಸಬರಿಗೂ 14 ದಿನ ಮಾತಾಡದವರಿಗೂ ಹೋಗುತ್ತದೆ. ಈಗ ಅದರಲ್ಲಿ ನೀನು ಹಬ್ಬದ ಶುಭಾಶಯ ಹಾಕಿದ್ದೀಯ. ತೆಗೆದು ಬರೀ "ನಮಸ್ಕಾರ" ಇಡು. ಆ ನಮಸ್ಕಾರ ಹೋಗಿದೆ ಅಂತ ಸುಮ್ಮನಿರಬೇಡ. ಅದು ಯಂತ್ರ ಕಳಿಸಿದ್ದು, ಅವರ ಸಲಾಮಿಗೋ ಶರಣಿಗೋ ನೀನು ಕೈಯಾರೆ ಉತ್ತರ ಬರೆ. ಊಟದ ಸಾಲನ್ನು ಕ್ವಿಕ್ ರಿಪ್ಲೈ ಆಗಿ ಉಳಿಸಿಕೊಂಡರೆ "/" ಒತ್ತಿದಾಗ ಸಿಗುತ್ತದೆ. ಮೊದಲ ಸಾಲು ಮಾತ್ರ ಪ್ರತಿ ಸಲ ಹೊಸದಾಗಿ ಬರೆ.

ಶನಿವಾರದವರಿಗೆ ಇವತ್ತೇ ಉತ್ತರ ಕಳಿಸು, ಕಾಯುತ್ತಿರುತ್ತಾರೆ. ಪಂದಿ ಕರಿಯ ಪಾತ್ರೆ, ಸೌಟು ಬೇರೆ ಇಡಲು ಆಗುತ್ತದಾ ಅಂತ ಅಮ್ಮನ ಹತ್ರ ಕೇಳಿ ನನಗೂ ಬರೆ. ಆಗುತ್ತದೆ ಅಂದರೆ ಅದನ್ನೂ ಆ ಸಾಲಿಗೆ ಸೇರಿಸೋಣ.

ನಿನ್ನ ಗೆಳೆಯ