ಮೆಣಸಿಗೆ ಬೋರ್ಡೋ: ಮಳೆ ಹಿಡಿಯುವ ಮೊದಲೇ ಮುಗಿಸಿ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ಮೋಡ ಕಟ್ಟುತ್ತಿದೆ. ಮೆಣಸಿನ ಬಳ್ಳಿಗೆ ಮೊದಲ ಬೋರ್ಡೋ ಮೇ ಕೊನೆ, ಹೆಚ್ಚೆಂದರೆ ಜೂನ್ ಮೊದಲ ವಾರದೊಳಗೆ ಆಗಲೇಬೇಕು. ಸೊರಗು ರೋಗ ಕಾಣಿಸಿಕೊಂಡ ಮೇಲೆ ಹೊಡೆದರೆ ಆ ಬಳ್ಳಿ ಉಳಿಯುವುದು ಕಷ್ಟ.

100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ 50 ಲೀಟರಿನಂತೆ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಆಮೇಲೆ ಹೊಳೆಯುವ ಚಾಕು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಬಣ್ಣ ಹತ್ತಿದರೆ ತುತ್ತ ಹೆಚ್ಚಾಗಿದೆ, ಎಲೆ ಸುಡುತ್ತದೆ. ಕಲೆ ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ. ಹಳೆಯ, ಪುಡಿಯಾದ ಸುಣ್ಣದಲ್ಲಿ ಹೀಗಾಗುವುದೇ ಹೆಚ್ಚು. ಕಲಸಿದ್ದನ್ನು ಅಂದೇ ಮುಗಿಸಿ, ನಾಳೆಗೆ ಇಡಬೇಡಿ.

ನಮ್ಮ 200 ಬಳ್ಳಿಗೆ ತಲಾ ಮೂರೂವರೆ ಲೀಟರಿನಂತೆ ಏಳು ಡ್ರಮ್ ಬೇಕಾಯಿತು. ತುತ್ತ ಕೆಜಿಗೆ 300ರಂತೆ 2,100, ಸುಣ್ಣಕ್ಕೆ 210, ಇಬ್ಬರ ಕೂಲಿ 1,400, ಒಟ್ಟು 3,710 ರೂಪಾಯಿ. ಎಲೆಯ ಕೆಳಭಾಗ, ಬುಡದ ಹಂಬು ಎರಡೂ ನೆನೆಯಬೇಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ, ಮಧ್ಯಾಹ್ನ ಮಳೆ ಬರುವ ಲಕ್ಷಣವಿದ್ದರೆ ಅಂದು ಕಲಸಲೇಬೇಡಿ. ಎರಡನೇ ಸಿಂಪಡಣೆ ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ.